ಪ್ರೊಫೈಲಿಗೆ ಒಂದು ನಿಮಿಷದ ವಿಡಿಯೋ: 23 ಸಲ ತೆಗೆದೆ, ಪ್ರತಿ ಸಲವೂ ವಾರ್ತೆ ಓದುವವಳ ಹಾಗೇ ಕಾಣುತ್ತೇನೆ

ಕೋಥ್ರೂಡ್_ಅಕ್ಷರ
ಎಲ್ಲರಿಗೂ ನಮಸ್ಕಾರ. ನಾನು ಪುಣೆಯ ಕೋಥ್ರೂಡಿನಲ್ಲಿದ್ದೇನೆ. ಕರ್ನಾಟಕದ ಹೊರಗೆ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಆನ್‌ಲೈನಿನಲ್ಲಿ ಕನ್ನಡ ಕಲಿಸುತ್ತೇನೆ. ಇಷ್ಟು ದಿನ ಗುರುತಿನವರ ಮೂಲಕವೇ ಮಕ್ಕಳು ಬರುತ್ತಿದ್ದರು. ಈಗ ಟೀಚರುಗಳನ್ನು ಹುಡುಕುವ ಒಂದು ಸೈಟಿನಲ್ಲಿ ಪ್ರೊಫೈಲ್ ಮಾಡಿದ್ದೇನೆ. ಅಲ್ಲಿ ಪರಿಚಯದ ವಿಡಿಯೋ ಹಾಕಲೇಬೇಕು. 30 ಸೆಕೆಂಡಿಗಿಂತ ಕಡಿಮೆ ಇರಬಾರದು, 2 ನಿಮಿಷ ದಾಟಬಾರದು, ಫೋನ್ ಅಡ್ಡ ಇಟ್ಟು ತೆಗೆಯಬೇಕು, ಫೋನ್ ನಂಬರ್ ಹೇಳುವಂತಿಲ್ಲ.

ಹೋದ ಭಾನುವಾರ ಕೂತು 23 ಸಲ ತೆಗೆದೆ. ಕೊನೆಗೆ 19ನೆಯದನ್ನು ಹಾಕಿದೆ, ಅದರಲ್ಲಿ ತಪ್ಪಿಲ್ಲ ಅಂತ. ನಮ್ಮ ಯಜಮಾನರು ನೋಡಿ "ಪ್ರದೇಶ ಸಮಾಚಾರ ಇದ್ದ ಹಾಗಿದೆ" ಅಂದರು. ಮಗಳು "ಅಮ್ಮಾ, ಯಾರೋ ನಿನ್ನನ್ನ ಹಿಡಿದು ಕೂರಿಸಿದ್ದಾರೆ ಅನ್ನಿಸುತ್ತೆ" ಅಂದಳು.

ನಾನು ಹೇಳಿದ್ದು ಇಷ್ಟು: "ನಮಸ್ಕಾರ. ನನಗೆ ಕನ್ನಡ ಬೋಧನೆಯಲ್ಲಿ 12 ವರ್ಷಗಳ ಅನುಭವವಿದೆ. ಪ್ರತಿಯೊಬ್ಬ ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕಂತೆ ಸರಳ ವಿಧಾನದಲ್ಲಿ ಕಲಿಸುತ್ತೇನೆ. ನಿಮ್ಮ ಮಗುವಿನ ಕಲಿಕೆಯ ಪಯಣದಲ್ಲಿ ಜೊತೆಯಾಗಲು ಕಾಯುತ್ತಿದ್ದೇನೆ."

ಕ್ಲಾಸಿನಲ್ಲಿ ನಾನು ಹೀಗಿಲ್ಲ. ಅಲ್ಲಿ ನಗುತ್ತೇನೆ, ಕೈ ಆಡಿಸುತ್ತೇನೆ, ಮಕ್ಕಳ ಜೊತೆ ಜಗಳ ಆಡುತ್ತೇನೆ. ಕ್ಯಾಮೆರಾ ಎದುರು ಮಾತ್ರ ಯಾಕೆ ಹೀಗೆ? ಎಲ್ಲಿ ತಪ್ಪುತ್ತಿದ್ದೇನೆ ಹೇಳಿ. ಲಿಂಕ್ ಕೆಳಗಿದೆ, ಬೈದರೂ ಪರವಾಗಿಲ್ಲ.

ಮಾಟುಂಗಾ_ಅಜ್ಜಿ
ಲಕ್ಷಣವಾಗಿದ್ದೀಯಮ್ಮ. ಆದರೆ ಹುಡುಗನ ಕಡೆಯವರಿಗೆ ವಿಡಿಯೋ ಯಾಕೆ ಕಳಿಸಬೇಕು? ನಮ್ಮ ಕಾಲದಲ್ಲಿ ಒಂದು ಫೋಟೋ ಸಾಕಿತ್ತು.

ಕೋಥ್ರೂಡ್_ಅಕ್ಷರ
ಅಜ್ಜಿ, ಮದುವೆ ಸೈಟ್ ಅಲ್ಲ! ನನಗೆ ಹದಿಮೂರು ವರ್ಷದ ಮಗಳಿದ್ದಾಳೆ. ಪಾಠ ಹೇಳುವ ಸೈಟ್ 😄

ಹಿಂಜೆವಾಡಿ_ಹುಡುಗ
ಅಕ್ಕಾ, ಸಿಂಪಲ್. ಒಂದು ರಿಂಗ್ ಲೈಟ್ ತಗೊಳ್ಳಿ. ಟೆಲಿಪ್ರಾಂಪ್ಟರ್ ಆ್ಯಪ್ ಹಾಕಿಕೊಂಡರೆ ಬಾಯಿಪಾಠ ಮಾಡುವ ಗೋಳೇ ಇಲ್ಲ, ಓದಿಕೊಂಡು ಹೋದರಾಯಿತು. ಸೆಟ್ಟಿಂಗ್ 4K 60 ಇಡಿ, ಹಿಂದೆ ಸಣ್ಣಗೆ ಮ್ಯೂಸಿಕ್. ಪ್ರೊಫೆಷನಲ್ ಆಗಿ ಕಾಣುತ್ತೆ.

ಧಾರವಾಡ_ಇನ್_ಠಾಣೆ
ಓದಿದ್ದಕ್ಕೇ ಹಾಗಾಗಿದೆ ಅಂತ ಅವರು ಅಳುತ್ತಿದ್ದರೆ ಇನ್ನೂ ಓದಿ ಅಂತೀರಲ್ಲ ಮಾರಾಯ್ರೆ.

ಡೊಂಬಿವಲಿ_ಸೌಂಡು
ಲಿಂಕ್ ಎರಡು ಸಲ ನೋಡಿದೆ, ಒಂದು ಸಲ ದನಿ ಆಫ್ ಮಾಡಿ. ಟಿವಿ ಧಾರಾವಾಹಿಗಳಿಗೆ ಸೌಂಡ್ ಮಾಡುವುದು ನನ್ನ ಹೊಟ್ಟೆಪಾಡು, ಹಾಗಾಗಿ ದನಿಯಿಂದಲೇ ಶುರು ಮಾಡಬೇಕಿತ್ತು. ಆದರೆ ನನಗೆ ಮೊದಲು ಕಂಡದ್ದು ನಿಮ್ಮ ಕಣ್ಣು. ನೀವು ನನ್ನನ್ನು ನೋಡುತ್ತಿಲ್ಲ. ನನ್ನ ಕಿವಿಯ ಪಕ್ಕ ಯಾರೋ ನಿಂತಿದ್ದಾರೆ, ಅವರ ಜೊತೆ ಮಾತಾಡುತ್ತಿದ್ದೀರಿ.

ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದಿದ್ದೀರಿ ಅಲ್ವಾ? ಫೋನ್ ನೆಟ್ಟಗೆ ಹಿಡಿದರೆ ಆ ಲೆನ್ಸ್ ಮೇಲುಗಡೆ ಇರುತ್ತೆ. ಪರದೆಯಲ್ಲಿ ನಮ್ಮ ಮುಖ ನೋಡಿಕೊಂಡರೂ ಕಣ್ಣು ಸ್ವಲ್ಪ ಕೆಳಗಿದೆ ಅನ್ನಿಸುತ್ತದೆ, ಅಷ್ಟೆ. ಫೋನ್ ಅಡ್ಡ ಮಲಗಿಸಿದ ಕೂಡಲೇ ಲೆನ್ಸ್ ಒಂದು ಪಕ್ಕದ ಅಂಚಿಗೆ ಹೋಗುತ್ತದೆ. ನಿಮ್ಮ ಮುಖ ಇರುವುದು ಪರದೆಯ ನಡುವೆ. ನೀವು ಅದನ್ನೇ ನೋಡುತ್ತೀರಿ, ನೋಡುವವರಿಗೆ ನೀವು ಕಣ್ಣು ತಪ್ಪಿಸಿ ಮಾತಾಡಿದ ಹಾಗೆ ಕಾಣುತ್ತದೆ. ಮನೆಗೆ ಬಂದವರು ಹೀಗೆ ಪಕ್ಕಕ್ಕೆ ನೋಡುತ್ತಾ ಮಾತಾಡಿದರೆ ನಮಗೆ ಏನನ್ನಿಸುತ್ತದೆ? ಅದೇ ಇಲ್ಲೂ. ತಪ್ಪು ಮುಖದ್ದಲ್ಲ, ಲೆನ್ಸ್ ಇರುವ ಜಾಗದ್ದು.

ಹಿಂದಿನ ಕ್ಯಾಮೆರಾ ಬಳಸಿ. ಡಬ್ಬಿ, ಪುಸ್ತಕ ಏನಾದರೂ ಪೇರಿಸಿ ಲೆನ್ಸನ್ನು ನಿಮ್ಮ ಕಣ್ಣಿನ ಮಟ್ಟಕ್ಕೆ ತನ್ನಿ. ನೀವು ಮೂರು ನಾಲ್ಕು ಅಡಿ ದೂರ ಕೂರಿ. ತೀರಾ ಹತ್ತಿರ ಕೂತರೆ ಮೂಗು ದೊಡ್ಡದು, ಕಿವಿ ಚಿಕ್ಕದು ಆಗುತ್ತದೆ. ಫ್ರೇಮ್ ಸರಿ ಇದೆಯಾ ಅಂತ ನೋಡಲು ಮೊದಲು ಮಗಳನ್ನು ನಿಮ್ಮ ಜಾಗದಲ್ಲಿ ಕೂರಿಸಿ. ಲೆನ್ಸಿನ ಪಕ್ಕ ಒಂದು ಬಿಂದಿ ಅಂಟಿಸಿ, ಅದನ್ನು ನೋಡಿ ಮಾತಾಡಿ. ಇನ್ನೊಂದು ಲಾಭ: ನಿಮ್ಮ ಮುಖ ನಿಮಗೇ ಕಾಣದಿದ್ದರೆ ನಡುನಡುವೆ ಕೂದಲು ಸರಿ ಮಾಡಿಕೊಳ್ಳುವುದು ತಾನಾಗಿ ನಿಲ್ಲುತ್ತದೆ. ಈಗಿನ ವಿಡಿಯೋದಲ್ಲಿ ನಾಲ್ಕು ಸಲ ಮಾಡಿದ್ದೀರಿ.

ಟೆಲಿಪ್ರಾಂಪ್ಟರ್ ಬಗ್ಗೆ: ಸ್ಟುಡಿಯೋದಲ್ಲಿ ಅಕ್ಷರ ಲೆನ್ಸಿನ ಮುಂದಿನ ಗಾಜಿನ ಮೇಲೇ ಬರುತ್ತವೆ, ಕ್ಯಾಮೆರಾನೂ ದೂರ ಇರುತ್ತದೆ. ಫೋನಿನಲ್ಲಿ ಮೂರು ಅಡಿಯಿಂದ ಓದಿದರೆ ಕಣ್ಣುಗುಡ್ಡೆ ಎಡಕ್ಕೆ ಬಲಕ್ಕೆ ಓಡಾಡುವುದು ಚೆನ್ನಾಗಿ ಕಾಣುತ್ತದೆ.

ದನಿ ಬಗ್ಗೆ ರಾತ್ರಿ ಬರೆಯುತ್ತೇನೆ. ಲೋಕಲ್ ಬಂತು.

ಕೋಥ್ರೂಡ್_ಅಕ್ಷರ
ಅಯ್ಯೋ, ಹೌದು! ಈಗ ನೋಡಿದರೆ ಅದು ಬಿಟ್ಟು ಬೇರೆ ಏನೂ ಕಾಣುತ್ತಿಲ್ಲ. ಸೆಲ್ಫಿ ಕ್ಯಾಮೆರಾನೇ ಸರ್.

ಮಡಗಾಂವ್_ಕೇಕು
ನಂದೂ ಸ್ವಲ್ಪ ಕೇಳಿ. ಮನೆಯಲ್ಲೇ ಕೇಕ್ ಮಾಡಿ ಮಾರುತ್ತೇನೆ. ನನ್ನ ಪ್ರೊಫೈಲ್ ವಿಡಿಯೋ ತೆಗೆದದ್ದು ಜುಲೈನಲ್ಲಿ. ಗೋವಾದ ಮಳೆ, ಮೇಲೆ ತಗಡಿನ ಶೀಟು. ನನ್ನ ದನಿ ಮಳೆಯಲ್ಲಿ ಮುಳುಗಿ ಹೋಯಿತು. ಅದಕ್ಕೆ ಜೋರಾಗಿ ಹಾಡು ಹಾಕಿದೆ. ಮುಖ ಕಪ್ಪಗಿದೆ ಅಂತ ಫಿಲ್ಟರ್ ಹಾಕಿದೆ. ಫಿಲ್ಟರಿಗೆ ಮುಖ ಬೆಳ್ಳಗಾಯಿತು, ಜೊತೆಗೆ ಕೇಕೂ ಬಣ್ಣ ಬದಲಾಯಿಸಿತು! ಒಬ್ಬರು "ವಿಡಿಯೋದಲ್ಲಿ ತೋರಿಸಿದ ತಿಳಿ ಗುಲಾಬಿ ಬೇಕಿತ್ತು, ಇದು ಬೀಟ್‌ರೂಟ್" ಅಂತ ದುಡ್ಡು ವಾಪಸ್ ಕೇಳಿದರು. ಫಿಲ್ಟರ್ ಮಾತ್ರ ಹಾಕಬೇಡಿ ಅಕ್ಕಾ. ನಿಮ್ಮ ಕೇಕುಗಳನ್ನು ಟೇಬಲ್ ಮೇಲೆ ಇಟ್ಟು ತೋರಿಸಿ.

ಧಾರವಾಡ_ಇನ್_ಠಾಣೆ
ಅವರು ಕೇಕ್ ಮಾಡುವವರಲ್ಲ ಅಂತ ಯಾರಾದರೂ ಹೇಳಿ.

ಮಡಗಾಂವ್_ಕೇಕು
ಗೊತ್ತು ರೀ. ಅವರ ಸಾಮಾನು ಅಂದರೆ ಅವರ ಪಾಠ. ಅದನ್ನ ತೋರಿಸಲಿ ಅಂದೆ.

ವಾಕಡ್_ಅಪ್ಪ
ಕೇಕಿನವರು ಹೇಳಿದ್ದು ತಮಾಷೆಯಲ್ಲ. ನಾನು ಗಿರಾಕಿ ಕಡೆಯವನು. ಮಗಳಿಗೆ ಏಳು ವರ್ಷ, ಹೆಂಡತಿ ಮರಾಠಿಯವರು. ಕನ್ನಡ ಟೀಚರಿಗಾಗಿ ಇಂಥದ್ದೇ ಸೈಟಿನಲ್ಲಿ ಹುಡುಕಿದ್ದೆ. ಒಂದೇ ರಾತ್ರಿ ಹತ್ತಾರು ವಿಡಿಯೋ ನೋಡಿದೆ. ಎಲ್ಲರಿಗೂ ಅನುಭವ ಇದೆ, ಎಲ್ಲರದೂ ಸರಳ ವಿಧಾನ. ಮೂರನೆಯದರ ಹೊತ್ತಿಗೆ ಯಾರು ಯಾರು ಅಂತಲೇ ಮರೆತುಹೋಯಿತು. ಹತ್ತು ಸೆಕೆಂಡ್ ನೋಡಿ ಮುಂದೆ ಹೋಗುತ್ತಿದ್ದೆ.

ನನಗೆ ಬೇಕಿದ್ದದ್ದು ಬೇರೆ. ನನ್ನ ಮಗಳಿಗೆ ಕನ್ನಡ ಅರ್ಥ ಆಗುತ್ತೆ, ಉತ್ತರ ಮರಾಠಿಯಲ್ಲಿ ಕೊಡುತ್ತಾಳೆ. ಅಂಥ ಮಗುವನ್ನು ಇವರು ನೋಡಿದ್ದಾರಾ? ತಪ್ಪು ಹೇಳಿದರೆ ಗದರುತ್ತಾರಾ, ನಗುತ್ತಾರಾ? ಇಷ್ಟೇ. ಕೊನೆಗೆ ಆರಿಸಿದ್ದು "ನಾನು ಪರೀಕ್ಷೆಗೆ ತಯಾರಿ ಮಾಡಿಸುವುದಿಲ್ಲ, ಅದು ಬೇಕಿದ್ದರೆ ಬೇರೆಯವರನ್ನು ನೋಡಿ" ಅಂದವರನ್ನು. ಏನು ಮಾಡುವುದಿಲ್ಲ ಅಂತ ಹೇಳಿದ್ದು ಅವರೊಬ್ಬರೇ. ಅವರು ಊರಿಗೆ ಹೋದರು, ಅದು ಬೇರೆ ಕಥೆ.

ಹಿಂಜೆವಾಡಿ_ಹುಡುಗ
ಆದರೆ ಅನುಭವ ಹೇಳದಿದ್ದರೆ ನಂಬುವುದು ಹೇಗೆ ಸರ್?

ವಾಕಡ್_ಅಪ್ಪ
ಅದು ಪ್ರೊಫೈಲಿನಲ್ಲಿ ಬರೆದಿರುತ್ತಲ್ಲ. ಬರೆದದ್ದನ್ನೇ ಮತ್ತೆ ಬಾಯಲ್ಲಿ ಕೇಳಲು ನಾನು ವಿಡಿಯೋ ಒತ್ತುವುದಿಲ್ಲ.

ಡೊಂಬಿವಲಿ_ಸೌಂಡು
ಬಂದೆ. ದನಿ.

ನಿಮ್ಮ ವಿಡಿಯೋದಲ್ಲಿ ದನಿ ಬಚ್ಚಲುಮನೆಯಿಂದ ಬಂದ ಹಾಗಿದೆ. ಹಾಲಿನಲ್ಲಿ ಟೈಲ್ಸ್, ಖಾಲಿ ಗೋಡೆ, ಫೋನ್ ದೂರ. ಅಷ್ಟು ದೂರದಿಂದ ಫೋನಿಗೆ ನಿಮ್ಮ ಬಾಯಿಂದ ಬಂದದ್ದರ ಜೊತೆ ಗೋಡೆಗೆ ಬಡಿದು ಬಂದದ್ದೂ ಕೇಳುತ್ತದೆ. ಆಮೇಲೆ ಆ್ಯಪಿನಲ್ಲಿ ಅದನ್ನು ಪೂರ್ತಿ ತೆಗೆಯುವುದು ಕಷ್ಟ. ನೋಡುವವರಿಗೆ ಪ್ರತಿಧ್ವನಿ ಅಂತ ಗೊತ್ತಾಗುವುದಿಲ್ಲ, "ಇವರು ಯಾಕೋ ದೂರದವರು" ಅನ್ನಿಸುತ್ತದೆ.

ಮಲಗುವ ಕೋಣೆಗೆ ಹೋಗಿ. ಗಾದಿ, ಪರದೆ, ಬಟ್ಟೆ ದನಿಯನ್ನು ನುಂಗುತ್ತವೆ. ಕ್ಯಾಮೆರಾದ ಹಿಂದೆ, ಅಂದರೆ ನೀವು ಮುಖ ಮಾಡಿದ ಕಡೆ, ಒಂದು ರಜಾಯಿ ನೇತು ಹಾಕಿ. ಫ್ಯಾನ್ ಆಫ್. ಮನೆಯಲ್ಲಿ ಇನ್ನೊಂದು ಫೋನ್ ಇದ್ದೇ ಇರುತ್ತೆ. ಅದರಲ್ಲಿ ವಾಯ್ಸ್ ರೆಕಾರ್ಡರ್ ಹಾಕಿ ಫ್ರೇಮಿನ ಸ್ವಲ್ಪ ಕೆಳಗೆ, ಬಾಯಿಂದ ಒಂದೂವರೆ ಅಡಿಯೊಳಗೆ ಇಡಿ. ಎರಡೂ ಶುರುವಾದ ಮೇಲೆ ಒಂದು ಸಲ ಚಪ್ಪಾಳೆ ತಟ್ಟಿ. ಎಡಿಟ್ ಮಾಡುವಾಗ ಎರಡರಲ್ಲೂ ಆ ಚಪ್ಪಾಳೆಯ ಗೆರೆ ಎದ್ದು ಕಾಣುತ್ತದೆ. ಎರಡನ್ನೂ ಒಂದೇ ಜಾಗಕ್ಕೆ ತಂದು, ವಿಡಿಯೋದ ಸ್ವಂತ ದನಿ ಮುಚ್ಚಿಬಿಡಿ. ಎರಡೂ ಫೋನ್ ಏರೋಪ್ಲೇನ್ ಮೋಡಿನಲ್ಲಿರಲಿ, ಕರೆ ಬಂದರೆ ರೆಕಾರ್ಡಿಂಗ್ ನಿಂತು ಹೋಗಬಹುದು.

ಕಾಲರ್ ಮೈಕ್ ಇದ್ದರೆ ಇನ್ನೂ ಸುಲಭ. ಮಂಗಳಸೂತ್ರ, ಸರ ತಾಗದ ಹಾಗೆ ಹಾಕಿ, ಅಷ್ಟೆ.

ಬೆಳಕಿಗೆ ಕಿಟಕಿ ಸಾಕು. ಕಿಟಕಿಗೆ ಮುಖ ಮಾಡಿ ಕೂರಿ, ಬೆನ್ನು ಮಾಡಿ ಅಲ್ಲ. ನಿಮಗೆ ಕನ್ನಡಕ ಇದೆ, ರಿಂಗ್ ಲೈಟ್ ಎದುರಿಗಿಟ್ಟರೆ ಎರಡು ಬಿಳಿ ಬಳೆ ಕಣ್ಣ ಮೇಲೆ ಕೂರುತ್ತವೆ. ಸೆಕೆಂಡಿಗೆ 60 ಫ್ರೇಮ್ ಬೇಡ, ಮಾತಾಡುವ ಮುಖಕ್ಕೆ 30 ಸಾಕು. ಫ್ರೇಮ್ ಜಾಸ್ತಿಯಾದಷ್ಟೂ ಒಂದೊಂದು ಫ್ರೇಮಿಗೆ ಸಿಗುವ ಬೆಳಕು ಕಡಿಮೆ, ಮನೆಯೊಳಗೆ ಚಿತ್ರ ಕಾಳು ಕಾಳಾಗುತ್ತದೆ. ನಮ್ಮ ಕರೆಂಟ್ 50 ಹರ್ಟ್ಸ್, ಕೆಲವು ಎಲ್‌ಇಡಿ ಬಲ್ಬಿನ ಕೆಳಗೆ ಚಿತ್ರದಲ್ಲಿ ಪಟ್ಟಿ ಪಟ್ಟಿ ಓಡಲೂಬಹುದು.

ಹಿಂಜೆವಾಡಿ_ಹುಡುಗ
ಸರಿ ಸರ್, ನನ್ನ ಒಂದು ಸಲಹೆಯೂ ಪಾಸಾಗಲಿಲ್ಲ 😅

ಡೊಂಬಿವಲಿ_ಸೌಂಡು
4K ಬಗ್ಗೆ ನಾನು ಏನೂ ಅಂದಿಲ್ಲಪ್ಪ. ಅದಕ್ಕೆ ಕೆಲಸ ಇದೆ, ಆಮೇಲೆ ಹೇಳುತ್ತೇನೆ.

ಧಾರವಾಡ_ಇನ್_ಠಾಣೆ
ಎಲ್ಲರೂ ಮಷೀನಿನ ಮಾತಾಡುತ್ತಿದ್ದೀರಿ. ನನಗೆ ಕಂಡ ದೊಡ್ಡ ತಪ್ಪು ಬೇರೆ. ಅಕ್ಕಾವ್ರೇ, ನೀವು ವಿಜಯಪುರದ ಕಡೆಯವರಲ್ವಾ? ಹಿಂದೊಮ್ಮೆ ಜೋಳದ ಹಿಟ್ಟಿನ ಚರ್ಚೆಯಲ್ಲಿ ಬರೆದದ್ದು ನೆನಪಿದೆ. ಮತ್ತೆ "ಕಲಿಕೆಯ ಪಯಣದಲ್ಲಿ ಜೊತೆಯಾಗಲು" ಅಂತ ಯಾರ ಕನ್ನಡ ಅದು? ನಿಮ್ಮದಲ್ಲ. ಅದಕ್ಕೇ ಬಾಯಿ ಬಿಗಿಯಾಗಿದೆ.

ಹಿಂಜೆವಾಡಿ_ಹುಡುಗ
ಇಲ್ಲಿ ಒಪ್ಪಲ್ಲ. ತಂದೆತಾಯಿ ದುಡ್ಡು ಕೊಡುವುದು ಶುದ್ಧ ಕನ್ನಡಕ್ಕೆ. ಟೀಚರ್ "ಹೋಗೂಣು, ಬರ್ರಿ" ಅಂದರೆ ಮೈಸೂರು ಕಡೆಯವರು ಮುಂದಿನ ಪ್ರೊಫೈಲಿಗೆ ಹೋಗುತ್ತಾರೆ.

ಧಾರವಾಡ_ಇನ್_ಠಾಣೆ
ಹೋಗಲಿ ಬಿಡ್ರಿ! ವಿಡಿಯೋದಲ್ಲಿ ಒಂದು ಕನ್ನಡ, ಕ್ಲಾಸಿನಲ್ಲಿ ಇನ್ನೊಂದು ಕನ್ನಡ ಅಂದರೆ ಅದೂ ಫಿಲ್ಟರೇ. ಕೇಕಿನ ಬಣ್ಣದ ಕಥೆ ಆಗಲೇ ಬಂತಲ್ಲ.

ವಾಕಡ್_ಅಪ್ಪ
ನನ್ನ ಮಗಳ ಅಜ್ಜಿ ಬೆಳಗಾವಿಯವರು. ಪುಸ್ತಕದ ಕನ್ನಡ ಕಲಿತರೆ ಅಜ್ಜಿ ಜೊತೆ ಮಾತಾಡುವುದು ಹೇಗೆ? ಆದರೆ ಶಾಲೆಗೆ, ಓದಿಗೆ ಬೇಕಾದವರಿಗೆ ಹುಡುಗನ ಮಾತು ಸರಿ ಇರಬಹುದು.

ಮಾಟುಂಗಾ_ಅಜ್ಜಿ
ನಮ್ಮ ಮನೆಯಲ್ಲಿ ಮೂರು ಕನ್ನಡ ಇದೆ, ಒಂದರ ಮೇಲೊಂದು ಜಗಳ ಇಲ್ಲ. ಸೊಸೆ ಕುಂದಾಪುರ.

ಕೋಥ್ರೂಡ್_ಅಕ್ಷರ
ಈ ಜಗಳ ನೀವು ಮುಂದುವರಿಸಿ 🙂 ನಾನು ನಿನ್ನೆ ಮತ್ತೆ ಪ್ರಯತ್ನ ಮಾಡಿದೆ, ವರದಿ ಕೊಡುತ್ತೇನೆ.

ಬೆಳಿಗ್ಗೆ ಒಂಬತ್ತಕ್ಕೆ ಮಲಗುವ ಕೋಣೆ, ಕಿಟಕಿಗೆ ಮುಖ, ಹಿಟ್ಟಿನ ಡಬ್ಬಿ ಮೇಲೆ ಫೋನ್, ಪಕ್ಕದಲ್ಲಿ ಬಿಂದಿ, ಬಾಗಿಲಿಗೆ ರಜಾಯಿ. ಮೊದಲನೆಯದು ಹಾಳು: ಚೆನ್ನಾಗಿ ಮಾತಾಡುತ್ತಿದ್ದೆ, ಕುಕ್ಕರ್ ಸೀಟಿ ಹೊಡೆಯಿತು. ಎರಡನೆಯದಕ್ಕೆ ಮೋಡ ಬಂದು ಹೋಗಿ ಮುಖ ಒಮ್ಮೆ ಕಪ್ಪು ಒಮ್ಮೆ ಬಿಳಿ. ಮೂರನೆಯದಕ್ಕೆ ಯಜಮಾನರನ್ನೇ ಕ್ಯಾಮೆರಾ ಹಿಂದೆ ಕೂರಿಸಿ "ನೀವು ಪ್ರಶ್ನೆ ಕೇಳಿ, ನಾನು ಉತ್ತರ ಹೇಳುತ್ತೇನೆ" ಅಂದೆ. ಅವರು "ನಿಮ್ಮ ಪರಿಚಯ ಹೇಳಿ" ಅಂದರು. ಮತ್ತೆ ವಾರ್ತೆ ಶುರು!

ಕಣ್ಣು ಸರಿಯಾಗಿದೆ, ದನಿ ನಿಜಕ್ಕೂ ಬೇರೆಯಾಗಿದೆ, ನನಗೇ ನಂಬಲಾಗಲಿಲ್ಲ. ಮಾತು ಮಾತ್ರ ಬಿಗಿ ಬಿಟ್ಟಿಲ್ಲ.

ಡೊಂಬಿವಲಿ_ಸೌಂಡು
ಎದುರಿಗೆ ಜನ ಕೂರಿಸಿದ್ದು ಸರಿ, ಪ್ರಶ್ನೆ ತಪ್ಪು. ನಿಮ್ಮ ಪರಿಚಯ ಯಜಮಾನರಿಗೆ ಗೊತ್ತಿಲ್ಲವಾ? ಗೊತ್ತಿರುವವರಿಗೆ ಮತ್ತೆ ಹೇಳುವಾಗ ಯಾರಿಗಾದರೂ ನಾಟಕದ ದನಿ ಬರುತ್ತದೆ. ಕೇಳುವವರಿಗೆ ನಿಜಕ್ಕೂ ಗೊತ್ತಿಲ್ಲದ್ದನ್ನು ಕೇಳಬೇಕು. ಕ್ಲಾಸಿನಲ್ಲಿ ಈಚೆಗೆ ನಗು ಬಂದದ್ದು ಯಾವಾಗ, ಬಾಯಿ ಬಿಡದ ಮಗು ಮೊದಲ ಮಾತು ಆಡಿದ್ದು ಹೇಗೆ, ಇಂಥವು. ಕೇಳುವವರು ಲೆನ್ಸಿನ ಹಿಂದೆಯೇ, ಅದೇ ಎತ್ತರಕ್ಕೆ ಕೂರಬೇಕು. ಪಕ್ಕಕ್ಕೆ ಕೂತರೆ ಮತ್ತೆ ಕಣ್ಣು ಪಕ್ಕಕ್ಕೆ.

ಬಾಯಿಪಾಠ ಬೇಡ. ಚೀಟಿಯಲ್ಲಿ ಮೂರು ಪದ ಬರೆದುಕೊಳ್ಳಿ, ಸಾಕು. ನಾಲ್ಕು ನಿಮಿಷ ಮಾತಾಡಿ, ಅದರಲ್ಲಿ ಒಂದು ನಿಮಿಷ ಉಳಿಸಿಕೊಳ್ಳಿ. ಪ್ರಶ್ನೆ ಕತ್ತರಿಸಿ. ಆಗ ವಿಡಿಯೋ ನಡುಮಾತಿನಿಂದ ಶುರುವಾಗುತ್ತದೆ, ವಾಕಡಿನವರ ಹತ್ತು ಸೆಕೆಂಡಿಗೂ ಅದೇ ಮದ್ದು.

ಈಗ 4K. ನಡುವೆ ಕತ್ತರಿಸಿ ಅಂಟಿಸಿದರೆ ಮುಖ ಟಕ್ಕನೆ ಜಿಗಿಯುತ್ತದೆ. ಕತ್ತರಿಸಿದ ಮುಂದಿನ ತುಂಡನ್ನು ಸ್ವಲ್ಪ ಹಿಗ್ಗಿಸಿ, ಮುಖ ಒಂದು ಹೆಜ್ಜೆ ಹತ್ತಿರ ಬಂದ ಹಾಗೆ. ಆಗ ಬೇಕೆಂದೇ ಮಾಡಿದ ಹಾಗೆ ಕಾಣುತ್ತದೆ. 4K ನಲ್ಲಿ ತೆಗೆದಿದ್ದರೆ ಹಿಗ್ಗಿಸಿದರೂ ಮಸುಕಾಗುವುದಿಲ್ಲ. ಹುಡುಗನಿಗೆ ಅರ್ಧ ಮಾರ್ಕು.

ಮೋಡಕ್ಕೆ: ಪರದೆಯಲ್ಲಿ ಮುಖದ ಮೇಲೆ ಬೆರಳು ಒತ್ತಿ ಹಿಡಿದರೆ ಬಹಳಷ್ಟು ಫೋನುಗಳಲ್ಲಿ ಬೆಳಕು ಲಾಕ್ ಆಗುತ್ತದೆ. ಫೋನ್ ತಾನಾಗಿ ಏರಿಸಿ ಇಳಿಸುವುದು ಅದರಿಂದ ನಿಲ್ಲುತ್ತದೆ. ದಟ್ಟ ಮೋಡ ಬಂದರೆ ಕಾಯಬೇಕು, ಬೇರೆ ದಾರಿ ಇಲ್ಲ.

ಹಿಂಜೆವಾಡಿ_ಹುಡುಗ
ಅರ್ಧ ಮಾರ್ಕು ಫ್ರೇಮ್ ಹಾಕಿಸುತ್ತೇನೆ.

ಕೋಥ್ರೂಡ್_ಅಕ್ಷರ
ಆಯಿತು! ಹೊಸದನ್ನು ಇವತ್ತು ಹಾಕಿದೆ. ಪ್ರಶ್ನೆ ಕೇಳಿದ್ದು ನಾದಿನಿ. ಅವಳಿಗೆ ನನ್ನ ಕ್ಲಾಸಿನ ಬಗ್ಗೆ ಏನೂ ಗೊತ್ತಿಲ್ಲ, ಅದೇ ಒಳ್ಳೆಯದಾಯಿತು. ಚೀಟಿಯಲ್ಲಿ ಬರೆದುಕೊಂಡದ್ದು: ಕಳೆ, ಮೊದಲ ತಿಂಗಳು, ಪರೀಕ್ಷೆ. ಐದು ನಿಮಿಷ ಮಾತಾಡಿ 52 ಸೆಕೆಂಡಿಗೆ ಇಳಿಸಿದೆ, ನಡುವೆ ಎರಡು ಕಡೆ ಕತ್ತರಿ. ಕೊನೆಗೆ ಉಳಿದದ್ದು ಇದು:

"ನನ್ನ ಹತ್ತಿರ ಬರುವ ಒಬ್ಬ ಹುಡುಗ ಅಜ್ಜಿಗೆ ಫೋನ್ ಮಾಡಿ, 'ಅಜ್ಜಿ, ಇವತ್ತು ತೋಟದಲ್ಲಿ ಕಲೆ ತೆಗೆದೆ' ಅಂದನಂತೆ. ಅಜ್ಜಿ, 'ಯಾವ ಸೋಪು ಹಾಕಿದೆಯೋ?' ಅಂದರಂತೆ! ಅವನು ಹೇಳಬೇಕಿದ್ದದ್ದು ಕಳೆ. ಳ ಅನ್ನುವಾಗ ನಾಲಿಗೆಯ ತುದಿ ಹೀಗೆ ಹಿಂದಕ್ಕೆ ಮಡಚಬೇಕು. ನೀವೂ ಒಂದು ಸಲ ಹೇಳಿ ನೋಡಿ: ಕಲೆ... ಕಳೆ. ನಿಮ್ಮ ಮಗುವಿಗೆ ಕನ್ನಡ ಅರ್ಥ ಆಗುತ್ತೆ, ಬಾಯಿಗೆ ಮಾತ್ರ ಬರಲ್ಲ ಅಂದರೆ, ಅಂಥ ಮಕ್ಕಳೇ ನನ್ನ ಹತ್ತಿರ ಜಾಸ್ತಿ. ಆರರಿಂದ ಹನ್ನೆರಡು ವರ್ಷದವರು. ಮೊದಲ ತಿಂಗಳು ಪೆನ್ಸಿಲ್ ಮುಟ್ಟಲ್ಲ, ಬರೀ ಮಾತು. ಪರೀಕ್ಷೆಗೆ ತಯಾರಿ ನಾನು ಮಾಡಿಸಲ್ಲ. ನಾನಿರೋದು ಪುಣೆಯಲ್ಲಿ, ಬನ್ನಿ, ಮಾತಾಡೋಣ."

ಹೆಸರು ಹೇಳುವುದೇ ಮರೆತೆ. ಪ್ರೊಫೈಲಿನ ಮೇಲೇ ಇದೆ ಅಂತ ಬಿಟ್ಟುಬಿಟ್ಟೆ.

ಮಡಗಾಂವ್_ಕೇಕು
ಸೋಪು 😂😂 ನಾನು ಕೂತಲ್ಲೇ ಕಲೆ ಕಳೆ ಅಂತ ಹೇಳಿದೆ.

ಧಾರವಾಡ_ಇನ್_ಠಾಣೆ
ಈಗ ಮನುಷ್ಯರ ಹಾಗಿದೆ. ಇನ್ನೂ ಸ್ವಲ್ಪ ನಮ್ಮ ಕಡೆ ಮಾತು ಬಂದಿದ್ದರೆ ಪೂರ್ತಿ ಮಾರ್ಕು.

ವಾಕಡ್_ಅಪ್ಪ
ನಾನು ಪೂರ್ತಿ ನೋಡಿದೆ. ಒಂದು ಪ್ರಶ್ನೆ, ಬೇಜಾರಾಗಬೇಡಿ. ಆ ಹುಡುಗನ ಮನೆಯವರನ್ನು ಕೇಳಿದ್ದೀರಾ? ನನ್ನ ಮಗಳ ತಪ್ಪನ್ನು ಯಾರಾದರೂ ಪ್ರೊಫೈಲಿನಲ್ಲಿ ಹೇಳಿದರೆ ನನಗೆ ಒಂಥರಾ ಆಗುತ್ತೆ.

ಕೋಥ್ರೂಡ್_ಅಕ್ಷರ
ಕೇಳಿದ್ದೇನೆ ಸರ್, ವಿಡಿಯೋನೂ ಅವರ ಅಮ್ಮನಿಗೆ ಮೊದಲು ಕಳಿಸಿದೆ. ಮೊದಲು ಊರಿನ ಹೆಸರೂ ಹೇಳಿದ್ದೆ, ಅದು ಬೇಡ ಅಂದರು. ಒಂದು ಕತ್ತರಿ ಅಲ್ಲೇ ಬಿದ್ದದ್ದು.

ಹಿಂಜೆವಾಡಿ_ಹುಡುಗ
ಚೆನ್ನಾಗಿದೆ ಅಕ್ಕಾ. ಆದರೆ ಕನ್ನಡ ಬಾರದ ಅಪ್ಪ ಅಮ್ಮ ಇದ್ದರೆ ಅರ್ಥ ಆಗುವುದು ಹೇಗೆ? ಅರ್ಧ ಇಂಗ್ಲಿಷ್ ಇರಬೇಕಿತ್ತು.

ವಾಕಡ್_ಅಪ್ಪ
ಹೌದು, ನನ್ನ ಹೆಂಡತಿಗೆ ನಾನೇ ಅನುವಾದ ಮಾಡಿ ಹೇಳಿದೆ. ಕೆಳಗೆ ಇಂಗ್ಲಿಷ್ ಅಕ್ಷರ ಬಂದರೆ ಸಾಕು ಅನ್ನಿಸುತ್ತೆ.

ಡೊಂಬಿವಲಿ_ಸೌಂಡು
ಒಂದೇ ನಿಮಿಷದಲ್ಲಿ ಎರಡು ಭಾಷೆ ಹಾಕಿದರೆ ಎರಡೂ ಓಡುತ್ತವೆ. ಅಕ್ಷರ ಹಾಕಿ, ದೊಡ್ಡದಾಗಿ, ಒಂದು ಸಲಕ್ಕೆ ಒಂದು ಸಾಲು. ದನಿ ಚೆನ್ನಾಗಿದೆ. 31ನೇ ಸೆಕೆಂಡಿನಲ್ಲಿ ಹಿಂದೆ ಢೋಲ್ ಕೇಳುತ್ತಿದೆಯಾ?

ಕೋಥ್ರೂಡ್_ಅಕ್ಷರ
ಗಣಪತಿ ಪ್ರಾಕ್ಟೀಸ್ ಸರ್, ದಿನಾ ಇದೆ. ಪುಣೆಯಲ್ಲಿ ಅದನ್ನು ಕತ್ತರಿಸುವುದು ಹೇಗೆ!

ಡೊಂಬಿವಲಿ_ಸೌಂಡು
ಬಿಡಿ, ಪುಣೆ ಅಂತ ಗೊತ್ತಾಗುತ್ತೆ.

ವಾಕಡ್_ಅಪ್ಪ
ಅಂದ ಹಾಗೆ ನನ್ನ ಮಗಳಿಗೆ ಳ ಸಲೀಸು. ಮರಾಠಿಯಲ್ಲಿ ಬಾಳ, ಕಾಳಾ ಅಂತ ದಿನಾ ಹೇಳುತ್ತಾಳಲ್ಲ. ಅವಳ ತೊಂದರೆ "ನಾನು ಹೋಗುತ್ತಾಳೆ" ಅನ್ನುವುದು. ಅದಕ್ಕೂ ಏನಾದರೂ ಇದೆಯಾ? ನಿಮ್ಮ ನಂಬರ್ ಸಿಗಬಹುದಾ?

ಕೋಥ್ರೂಡ್_ಅಕ್ಷರ
ಇದೆ ಸರ್, ಅದಕ್ಕೆ ಒಂದು ಆಟವೇ ಇದೆ. ನಂಬರ್ ಇಲ್ಲಿ ಬೇಡ, ಸೈಟಿನಲ್ಲೇ ಟ್ರಯಲ್ ಒತ್ತಿ. ಹೊಸ ವಿಡಿಯೋ ಹಾಕಿದ ಮೇಲೆ ನೀವೇ ಮೊದಲನೆಯವರು, ಅದೂ ಇಲ್ಲಿಂದ ಬಂದವರು, ಹಾಗಾಗಿ ವಿಡಿಯೋ ಕೆಲಸ ಮಾಡಿತು ಅಂತ ಹೇಳಲಾರೆ.

ಮಾಟುಂಗಾ_ಅಜ್ಜಿ
ಎಲ್ಲಾ ಓದಿದೆ. ಆ ದಿನ ಕುಕ್ಕರ್ ಇಳಿಸಿದ್ದು ಯಾರು? ಬೇಳೆ ಬೆಂದಿತ್ತಾ?